ಲಂಡನ್ ಡಾಕ್ಟರ್ ಕಳಿಸಿದ ಪಾರ್ಸೆಲ್ ದೆಹಲಿ ಕಸ್ಟಮ್ಸ್‌ನಲ್ಲಿ ನಿಂತಿದೆಯಂತೆ, ಚಿಕ್ಕಮ್ಮ ನಾಳೆ ಎಫ್‌ಡಿ ಮುರಿಸುತ್ತಾರೆ. ಏನು ಮಾಡಲಿ?

ವಿಜಯನಗರದ ಸೊಸೆ (ಬುಧವಾರ, ರಾತ್ರಿ 9:10)

ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ಚಿಕ್ಕಮ್ಮನಿಗೆ 57. ಚಿಕ್ಕಪ್ಪ ಹೋಗಿ ನಾಲ್ಕು ವರ್ಷ ಆಯಿತು, ಮಗ ಪುಣೆಯಲ್ಲಿದ್ದಾನೆ. ಇಲ್ಲೇ ವಿಜಯನಗರದಲ್ಲಿ ಒಬ್ಬರೇ ಇದ್ದಾರೆ. ಎರಡು ತಿಂಗಳ ಹಿಂದೆ ಫೇಸ್‌ಬುಕ್‌ನಲ್ಲಿ ಒಬ್ಬ ಪರಿಚಯ ಆಗಿದ್ದಾನೆ. ಲಂಡನ್‌ನಲ್ಲಿ ಮೂಳೆ ಸರ್ಜನ್ ಅಂತೆ, ಹೆಂಡತಿ ತೀರಿಕೊಂಡಿದ್ದಾರಂತೆ. ವಾರದೊಳಗೆ ವಾಟ್ಸಾಪ್‌ಗೆ ಬಂದ. ನಂಬರ್ +44 ಇಂದ ಶುರುವಾಗುತ್ತದೆ. ಬೆಳಿಗ್ಗೆ "ಮಾತ್ರೆ ತಗೊಂಡ್ರಾ", ರಾತ್ರಿ "ಊಟ ಆಯ್ತಾ". ನಾವು ಯಾರೂ ಅಷ್ಟು ಕೇಳಿಲ್ಲ, ಅದು ನಮ್ಮ ತಪ್ಪು.

ಹೋದ ವಾರ ಚಿಕ್ಕಮ್ಮನ ಹುಟ್ಟುಹಬ್ಬ ಇತ್ತು. ಉಡುಗೊರೆ ಕಳಿಸಿದ್ದೇನೆ ಅಂತ ಫೋಟೋ ಹಾಕಿದ. ಚಿನ್ನದ ಸರ, ಫೋನು, ಬ್ಯಾಗು, ಸೆಂಟು, ಜೊತೆಗೆ ಒಂದು ಲಕೋಟೆ. ಕೊರಿಯರ್ ರಸೀದಿ ಕಳಿಸಿದ, ಪಾರ್ಸೆಲ್ ಎಲ್ಲಿದೆ ಅಂತ ನೋಡಲು ಒಂದು ಲಿಂಕನ್ನೂ ಕೊಟ್ಟ. ಸೋಮವಾರ ದೆಹಲಿ ಏರ್‌ಪೋರ್ಟ್ ಕಸ್ಟಮ್ಸ್ ಅಂತ ಒಬ್ಬ ಹೆಂಗಸು ಫೋನ್ ಮಾಡಿ 38,500 ಸುಂಕ ಕೇಳಿದಳು. ಯುಪಿಐನಲ್ಲಿ ಕಟ್ಟಿದರು. ಮಂಗಳವಾರ ಸ್ಕ್ಯಾನ್‌ನಲ್ಲಿ 40,000 ಪೌಂಡ್ ನೋಟು ಕಂಡಿದೆ, "ಮನಿ ಲಾಂಡರಿಂಗ್ ಅಲ್ಲ" ಅನ್ನೋ ಸರ್ಟಿಫಿಕೇಟಿಗೆ 1,45,000 ಬೇಕು ಅಂದರು. ಅದನ್ನೂ ಬ್ಯಾಂಕಿನಿಂದ ಹಾಕಿದ್ದಾರೆ. ಇವತ್ತು ಪೌಂಡನ್ನು ರೂಪಾಯಿ ಮಾಡಲು 3,20,000 ಕೇಳುತ್ತಿದ್ದಾರೆ. ಎಫ್‌ಡಿ ಮುರಿಸಲು ಬ್ಯಾಂಕಿಗೆ ಜೊತೆಗೆ ಬಾ ಅಂತ ಚಿಕ್ಕಮ್ಮ ಕರೆದಾಗಲೇ ನನಗೆ ವಿಷಯ ಗೊತ್ತಾಗಿದ್ದು.

ನನಗೆ ಇದು ಮೋಸ ಅಂತಲೇ ಅನ್ನಿಸುತ್ತಿದೆ. ಆದರೆ ಹಾಗಂದರೆ ಅವರು ಫೋನ್ ಇಟ್ಟುಬಿಡುತ್ತಾರೆ. ಪಾರ್ಸೆಲ್ ನಿಜಕ್ಕೂ ಕಸ್ಟಮ್ಸ್‌ನಲ್ಲಿದೆಯಾ ಅಂತ ನೋಡುವ ದಾರಿ ಇದೆಯಾ? ಬೆಳಿಗ್ಗೆ 10ಕ್ಕೆ ಬ್ಯಾಂಕು.

ಫಿಲ್ಟರ್ ಕಾಫಿ (9:14)

ಮೋಸ. ನೂರಕ್ಕೆ ನೂರು. ಮುಚ್ಚಿ ಈ ಥ್ರೆಡ್‌ನ.

ಜಯನಗರ 4ನೇ ಬ್ಲಾಕ್ (9:19)

ನನಗೂ ಇದೇ ಆಗಿತ್ತು. ಮಗಳು ಅಮೆರಿಕದಿಂದ ವಿಟಮಿನ್ ಮಾತ್ರೆ ಕಳಿಸಿದ್ದಳು, 2,100 ಸುಂಕ ಕಟ್ಟಿ ಅಂತ ಕೊರಿಯರ್‌ನವರು ಮೆಸೇಜ್ ಮಾಡಿದರು. ಕಟ್ಟಿದೆ, ನಾಲ್ಕು ದಿನಕ್ಕೆ ಬಂತು. ಎಲ್ಲವನ್ನೂ ಮೋಸ ಅನ್ನಬೇಡಿ. 5,000 ರೂಪಾಯಿ ಒಳಗಿನ ಗಿಫ್ಟಿಗೆ ಸುಂಕ ಇಲ್ಲ, ಮೇಲಾದರೆ ಕಟ್ಟಲೇಬೇಕು.

ಫಿಲ್ಟರ್ ಕಾಫಿ (9:21)

ಅಂಕಲ್, ನಿಮ್ಮ ಮಗಳು ನಿಜವಾದವಳು. ಅದೇ ವ್ಯತ್ಯಾಸ.

ಕಾರ್ಗೋ ಗೌಡ (9:48)

ನಾನು ದೇವನಹಳ್ಳಿ ಏರ್‌ಪೋರ್ಟ್ ಕಾರ್ಗೋದಲ್ಲಿ 16 ವರ್ಷದಿಂದ ಕ್ಲಿಯರೆನ್ಸ್ ಕೆಲಸ ಮಾಡುತ್ತಿದ್ದೇನೆ.

ಮೊದಲು ಜಯನಗರದವರ ಮಾತು. ಆ 5,000ದ ಲೆಕ್ಕ ಹಳೆಯದು. 2019ರ ಡಿಸೆಂಬರ್‌ನಲ್ಲೇ ಗಿಫ್ಟ್ ಹೆಸರಲ್ಲಿ ಸುಂಕ ಇಲ್ಲದೆ ತರಿಸುವುದನ್ನು ನಿಲ್ಲಿಸಿದರು. ಜೀವ ಉಳಿಸುವ ಔಷಧಿ ಮತ್ತು ರಾಖಿಗೆ ಮಾತ್ರ ವಿನಾಯಿತಿ. ಉಳಿದದ್ದಕ್ಕೆ ಪೂರ್ತಿ ಸುಂಕ ಕಟ್ಟಿ ತರಿಸಬಹುದು. ಹಾಗಾಗಿ "ಸುಂಕ ಕಟ್ಟಿ" ಅನ್ನುವ ಮಾತೇ ಸುಳ್ಳು ಅಂತ ಹೇಳೋಕಾಗಲ್ಲ. ನಿಮ್ಮ 2,100 ನಿಜವೇ ಇರಬೇಕು. ಕಳ್ಳರು ಹಿಡಿದುಕೊಂಡಿರುವುದೂ ಈ ಎಳೆಯನ್ನೇ. ಅರ್ಧ ನಿಜ ಇದ್ದರೆ ಜನ ನಂಬುತ್ತಾರೆ.

ನೋಡಬೇಕಾದದ್ದು ದುಡ್ಡು ಯಾರ ಹೆಸರಿಗೆ ಹೋಗುತ್ತಿದೆ ಅಂತ. ಅಂಚೆಯಲ್ಲಿ ಬಂದರೆ ಪೋಸ್ಟ್‌ಮ್ಯಾನ್ ಪಾರ್ಸೆಲ್ ಕೊಡುವಾಗ ಸುಂಕ ತಗೊಂಡು ರಸೀದಿ ಕೊಡುತ್ತಾನೆ. ಕೊರಿಯರ್‌ನಲ್ಲಿ ಬಂದರೆ ಕಂಪನಿಯೇ ಸರ್ಕಾರಕ್ಕೆ ಕಟ್ಟಿ ನಿಮ್ಮಿಂದ ಬಿಲ್ ಸಮೇತ ವಸೂಲಿ ಮಾಡುತ್ತದೆ, ಅದಕ್ಕೆ ಮೊದಲು ಆಧಾರ್‌ನಂಥ ಗುರುತಿನ ಚೀಟಿ ಕೇಳುತ್ತದೆ. ಕಸ್ಟಮ್ಸ್ ಅಧಿಕಾರಿ ಯಾರದೋ ಉಳಿತಾಯ ಖಾತೆಯ ನಂಬರ್ ಕೊಟ್ಟು ಇಲ್ಲಿಗೆ ಹಾಕಿ ಅನ್ನುವುದು ಇಲ್ಲವೇ ಇಲ್ಲ. ಚಿಕ್ಕಮ್ಮ ಹಾಕಿದ್ದು ಯಾರ ಹೆಸರಿಗೆ, ನೋಡಿ ಹೇಳಿ.

ಎರಡನೆಯದು, ಆ ಪೌಂಡ್ ಕಥೆ. ಪಾರ್ಸೆಲ್‌ನಲ್ಲಿ ಅಷ್ಟು ನೋಟು ಸಿಕ್ಕಿದರೆ ಕಸ್ಟಮ್ಸ್ ಅದನ್ನು ಜಪ್ತಿ ಮಾಡುತ್ತದೆ, ನೋಟಿಸ್ ಕೊಡುತ್ತದೆ. 1,45,000 ತಗೊಂಡು ಸರ್ಟಿಫಿಕೇಟ್ ಕೊಟ್ಟು "ಹೋಗಿ ಬನ್ನಿ" ಅನ್ನಲ್ಲ. ಅಂಥ ಸರ್ಟಿಫಿಕೇಟನ್ನು ನಾನು 16 ವರ್ಷದಲ್ಲಿ ಒಂದು ಸಲವೂ ನೋಡಿಲ್ಲ.

ವಿಜಯನಗರದ ಸೊಸೆ (9:57)

ನೋಡಿದೆ. ಮೊದಲನೆಯದು ಒಬ್ಬ ಗಂಡಸಿನ ಹೆಸರಿಗೆ, ಎರಡನೆಯದು ಬೇರೆ ಬ್ಯಾಂಕಿನಲ್ಲಿ ಬೇರೆ ಯಾರದೋ ಹೆಂಗಸಿನ ಹೆಸರಿಗೆ. "ಅದು ಅಕೌಂಟೆಂಟ್ ಹೆಸರು" ಅಂತ ಹೇಳಿದ್ದರಂತೆ.

ಹನುಮಂತನಗರ ಹುಡುಗ (10:02)

ಬೆಂಗಳೂರು ವಿಳಾಸದ ಪಾರ್ಸೆಲ್ ದೆಹಲಿಗೆ ಯಾಕೆ ಹೋಗುತ್ತೆ? ಇಲ್ಲೇ ಏರ್‌ಪೋರ್ಟ್ ಇದೆ, ಇಲ್ಲೇ ಕಸ್ಟಮ್ಸ್ ಇದೆ. ಇದೊಂದೇ ಸಾಕು ಸುಳ್ಳು ಅನ್ನೋಕೆ.

ಕಾರ್ಗೋ ಗೌಡ (10:06)

ಸಾಕಾಗಲ್ಲ ತಮ್ಮಾ. ಕೆಲವು ಕೊರಿಯರ್‌ನವರು ದೆಹಲಿ, ಮುಂಬೈಯಲ್ಲೇ ಕ್ಲಿಯರ್ ಮಾಡಿಸಿ ಇಲ್ಲಿಗೆ ತರುತ್ತಾರೆ. ಅನುಮಾನ ಪಡಬಹುದು, ಸಾಕ್ಷಿ ಅಲ್ಲ. ಈ ವಾದ ಇಟ್ಟುಕೊಂಡು ಚಿಕ್ಕಮ್ಮನ ಹತ್ತಿರ ಹೋದರೆ ಆ ಹೆಂಗಸು ಒಂದು ನಿಮಿಷದಲ್ಲಿ ಉತ್ತರ ಕೊಡುತ್ತಾಳೆ. ಆಮೇಲೆ ನೀವು ಹೇಳೋ ಯಾವುದನ್ನೂ ಚಿಕ್ಕಮ್ಮ ನಂಬಲ್ಲ.

ಸೊಸೆಯವರೇ, ರಸೀದಿಯಲ್ಲಿ ನಂಬರ್ ಹೇಗಿದೆ? ಬ್ರಿಟನ್ ಅಂಚೆಯಲ್ಲಿ ಕಳಿಸಿದ್ದರೆ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ GB ಇರಬೇಕು. ಅದನ್ನು ನಮ್ಮ ಅಂಚೆ ಇಲಾಖೆಯ ವೆಬ್‌ಸೈಟ್‌ನಲ್ಲೇ ಹಾಕಿ ನೋಡಬಹುದು. ಕೊರಿಯರ್ ಆದರೆ ಆ ಕಂಪನಿಯ ಸೈಟನ್ನು ನೀವೇ ಹುಡುಕಿ ನೋಡಿ. ಅವನು ಕಳಿಸಿದ ಲಿಂಕಿನಲ್ಲಿ ನೋಡಬೇಡಿ. ಅದರಲ್ಲಿ ಬರೆದಿರುವುದೆಲ್ಲಾ ಅವನದೇ ಬರಹ.

ವಿಜಯನಗರದ ಸೊಸೆ (10:15)

ಕಂಪನಿ ಹೆಸರು ಹಾಕಿ ಹುಡುಕಿದರೆ ಆ ಲಿಂಕ್ ಬಿಟ್ಟು ಬೇರೇನೂ ಬರುತ್ತಿಲ್ಲ. ಲಿಂಕಿನಲ್ಲಿ ಮಾತ್ರ "ದೆಹಲಿಯಲ್ಲಿ ತಡೆಹಿಡಿಯಲಾಗಿದೆ" ಅಂತ ಕೆಂಪಕ್ಷರದಲ್ಲಿದೆ.

ರಾಜಾಜಿನಗರದ ರೆಬೆಲ್ (10:20)

ಬೇಜಾರು ಮಾಡ್ಕೋಬೇಡಿ. 57 ವರ್ಷಕ್ಕೆ ಪುಕ್ಕಟೆ ಚಿನ್ನದ ಸರ, ಪೌಂಡು ಬೇಕು ಅಂದರೆ ಹೀಗೇ ಆಗೋದು. ಆಸೆಬುರುಕರಿಗೆ ಪಾಠ.

ವಿಜಯನಗರದ ಸೊಸೆ (10:24)

ಬೇಜಾರಾಯಿತು. ಅವರು ಸರ ಕೇಳಿಲ್ಲ. "ಬೇಡ, ಯಾಕೆ ಖರ್ಚು" ಅಂತ ಮೂರು ಸಲ ಬರೆದಿದ್ದಾರೆ. ಚಾಟ್ ನಾನೇ ಓದಿದೆ.

ಸುಮ್ನೆ ಓದೋಳು (10:31)

ರೆಬೆಲ್, ನನ್ನ ಜೊತೆ ಕೆಲಸ ಮಾಡುವ ಹುಡುಗ, 31 ವರ್ಷ, ಐಟಿ, ತಿಂಗಳಿಗೆ ಒಂದೂವರೆ ಲಕ್ಷ ಸಂಬಳ. ಅವನಿಗೆ "ಸ್ಕಾಟ್ಲೆಂಡ್ ನರ್ಸ್" ಸಿಕ್ಕಿದ್ದಳು. ಅವಳು ಪಾರ್ಸೆಲ್ ಕಳಿಸಲಿಲ್ಲ, "ನಾನೇ ಬರ್ತಿದ್ದೇನೆ" ಅಂದಳು. ಆಮೇಲೆ ಮುಂಬೈ ಏರ್‌ಪೋರ್ಟ್‌ನಲ್ಲಿ ಡಿಮ್ಯಾಂಡ್ ಡ್ರಾಫ್ಟ್ ಸಮೇತ ಹಿಡಿದಿದ್ದಾರೆ, ಬಿಡಿಸು ಅಂತ ಫೋನು. ಹಿಂದೆ ಏರ್‌ಪೋರ್ಟ್ ಅನೌನ್ಸ್‌ಮೆಂಟ್ ಬೇರೆ ಕೇಳಿಸುತ್ತಿತ್ತಂತೆ! 62,000 ಹೋಯಿತು. ಅವನು ಆಸೆಗೆ ಕೊಟ್ಟಿದ್ದಲ್ಲ, ಅವಳು ಜೈಲಿಗೆ ಹೋಗುತ್ತಾಳೆ ಅಂತ ಹೆದರಿ ಕೊಟ್ಟಿದ್ದು.

ಮೆಜೆಸ್ಟಿಕ್ ಮಂಜ (10:33)

ಲಂಡನ್ನಿಂದ ಪಾರ್ಸೆಲ್ ಎರಡು ದಿನಕ್ಕೆ ದೆಹಲಿಗೆ ಬಂತಾ? ನಾನು ಪೀಣ್ಯದಿಂದ ಬುಕ್ ಮಾಡಿದ್ದು ಐದು ದಿನ ಆದರೂ ಕೆಂಗೇರಿಗೆ ಬಂದಿಲ್ಲ.

ಡಾಕ್ಟರ್ ಹೆಂಡತಿ (10:40)

ನನ್ನ ಗಂಡ ಏಳು ವರ್ಷ ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ್ದಾರೆ. ಅಲ್ಲಿ ಸರ್ಜನ್‌ಗಳನ್ನು ಸಾಮಾನ್ಯವಾಗಿ ಡಾಕ್ಟರ್ ಅಂತ ಕರೆಯುವುದಿಲ್ಲ, ಮಿಸ್ಟರ್ ಅಥವಾ ಮಿಸ್ ಅನ್ನುತ್ತಾರೆ. ಹಳೇ ಕಾಲದ ಪದ್ಧತಿ. ನಮ್ಮವರಿಗೆ ಎಫ್‌ಆರ್‌ಸಿಎಸ್ ಆದಮೇಲೆ ಡಾಕ್ಟರ್ ಹೋಗಿ ಮಿಸ್ಟರ್ ಬಂದಾಗ ನಮ್ಮತ್ತೆಗೆ ಬಲು ಬೇಸರ ಆಗಿತ್ತು! ಇವನು ಹೇಗೆ ಬರೆದುಕೊಂಡಿದ್ದಾನೆ? ಮತ್ತೆ ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ ಪಟ್ಟಿಯನ್ನು ಯಾರು ಬೇಕಾದರೂ ನೆಟ್‌ನಲ್ಲಿ ನೋಡಬಹುದು.

ವಿಜಯನಗರದ ಸೊಸೆ (10:46)

"ಡಾಕ್ಟರ್" ಅಂತಲೇ ಇದೆ. ಅಯ್ಯೋ, ಆ ಪಟ್ಟಿಯಲ್ಲಿ ಅದೇ ಹೆಸರಿನವರು ಒಬ್ಬರಿದ್ದಾರೆ!

ಡಾಕ್ಟರ್ ಹೆಂಡತಿ (10:49)

ಇದ್ದರೇನು? ನಿಜವಾದ ಡಾಕ್ಟರ್ ಹೆಸರು, ಫೋಟೋ ಕದ್ದಿರುತ್ತಾರೆ. ಹೆಸರು ಇಲ್ಲದಿದ್ದರೆ ಮೋಸ ಅಂತ ಗೊತ್ತಾಗುತ್ತದೆ, ಇದ್ದರೆ ಏನೂ ಗೊತ್ತಾಗುವುದಿಲ್ಲ. ಆ ಡಾಕ್ಟರ್ ಕೆಲಸ ಮಾಡುವ ಆಸ್ಪತ್ರೆ ಗೊತ್ತಾದರೆ ಅವರ ಕಚೇರಿಗೆ ಒಂದು ಇಮೇಲ್ ಹಾಕಿ. ಉತ್ತರ ನಾಳೆ ಹತ್ತರೊಳಗೆ ಬರುತ್ತೆ ಅಂತ ಹೇಳಲಾರೆ.

ಪಾಸ್‌ಬುಕ್ ಪದ್ಮಾ (10:55)

ನಾನು ಬ್ಯಾಂಕಿನವಳು. ಎಲ್ಲರೂ ಪಾರ್ಸೆಲ್ ಬಗ್ಗೆ ಮಾತಾಡುತ್ತಿದ್ದೀರಿ. ಹೋದ ದುಡ್ಡು ಈ ಕ್ಷಣ ಖಾತೆಯಿಂದ ಖಾತೆಗೆ ಓಡುತ್ತಿದೆ!

ಈಗಲೇ 1930ಕ್ಕೆ ಫೋನ್ ಮಾಡಿ. ಲೈನ್ ಸಿಗದಿದ್ದರೆ cybercrime.gov.in ನಲ್ಲಿ ಬರೆಯಿರಿ. ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು ಎರಡೂ ವಹಿವಾಟಿನ ಯುಟಿಆರ್ ನಂಬರ್, ಮೊತ್ತ, ದಿನ, ಗಂಟೆ. ಸ್ಟೇಟ್‌ಮೆಂಟ್‌ನಲ್ಲಿ ಇರುತ್ತದೆ. ಅಲ್ಲಿ ದೂರು ದಾಖಲಾದರೆ ಆ ಕಡೆಯ ಬ್ಯಾಂಕಿಗೆ ತಿಳಿಯುತ್ತದೆ, ಖಾತೆಯಲ್ಲಿ ಉಳಿದಿರುವಷ್ಟನ್ನು ಹಿಡಿದಿಡುತ್ತಾರೆ. ಅಲ್ಲಿಂದ ಮುಂದೆ ಹೋಗಿದ್ದರೆ ಮುಂದಿನ ಖಾತೆಯಲ್ಲೂ ಹಿಡಿಯುತ್ತಾರೆ. ಎಟಿಎಂನಿಂದ ನೋಟಾಗಿ ಹೊರಗೆ ಬಂದದ್ದು ಮಾತ್ರ ಹೋದಂತೆಯೇ. ಸೋಮವಾರದ 38,500 ಸಿಗುವುದು ಕಷ್ಟ. ನಿನ್ನೆಯದರಲ್ಲಿ ಅಷ್ಟೋ ಇಷ್ಟೋ ಉಳಿದಿರಬಹುದು.

ಖಾತೆದಾರರ ಹೆಸರು ನೋಡಿ ಅವರೇ ಕಳ್ಳರು ಅಂದುಕೊಳ್ಳಬೇಡಿ. ಎಷ್ಟೋ ಸಲ ಅವರು ಕಮಿಷನ್ ಆಸೆಗೆ ಖಾತೆ, ಎಟಿಎಂ ಕಾರ್ಡು, ಸಿಮ್ ಬಾಡಿಗೆಗೆ ಕೊಟ್ಟವರಾಗಿರುತ್ತಾರೆ.

ಜಯನಗರ 4ನೇ ಬ್ಲಾಕ್ (11:01)

ಮೂರು ದಿನದೊಳಗೆ ಹೇಳಿದರೆ ಬ್ಯಾಂಕ್ ಪೂರ್ತಿ ವಾಪಸ್ ಕೊಡಲೇಬೇಕು. ಆರ್‌ಬಿಐ ನಿಯಮ ಇದೆ. ಬಿಡಬೇಡಿ.

ಪಾಸ್‌ಬುಕ್ ಪದ್ಮಾ (11:05)

ಸರ್, 2017ರ ಆ ಸುತ್ತೋಲೆ ನಮಗೆ ಗೊತ್ತಿಲ್ಲದೆ ಬೇರೆಯವರು ದುಡ್ಡು ತೆಗೆದಾಗಿನ ಮಾತು. ಇಲ್ಲಿ ಚಿಕ್ಕಮ್ಮ ತಾವೇ ಪಿನ್ ಒತ್ತಿ ಕಳಿಸಿದ್ದಾರೆ. ಬ್ಯಾಂಕಿನ ಮೇಲೆ ಜಗಳ ಆಡುತ್ತಾ ಕೂತರೆ ಬೆಳಗಾಗುತ್ತದೆ. ಮೊದಲು 1930.

ಜಯನಗರ 4ನೇ ಬ್ಲಾಕ್ (11:07)

ಬ್ಯಾಂಕಿನವರು ಯಾವಾಗಲೂ ಹೀಗೇ ಹೇಳೋದು.

ವಿಜಯನಗರದ ಸೊಸೆ (11:12)

ಆದರೆ ಚಿಕ್ಕಮ್ಮ ದೂರು ಕೊಡಲು ಒಪ್ಪಬೇಕಲ್ಲ? "ಅವನ ಮರ್ಯಾದೆ ಹೋಗುತ್ತೆ" ಅನ್ನುತ್ತಿದ್ದಾರೆ. ನಾಳೆ ಕಟ್ಟದಿದ್ದರೆ ಪೊಲೀಸರು ಮನೆಗೆ ಬರುತ್ತಾರೆ ಅಂತ ಆ ಹೆಂಗಸು ಹೆದರಿಸಿದ್ದಾಳೆ. ಅದರದ್ದೇ ಭಯ.

ಕಾರ್ಗೋ ಗೌಡ (11:26)

ಹಾಗಾದರೆ ವಾದ ಬಿಡಿ. ಒಂದು ಪರೀಕ್ಷೆ ಮಾಡಿ.

ಕಸ್ಟಮ್ಸ್ ಕಾಯ್ದೆ 1962ರ 23ನೇ ಸೆಕ್ಷನ್ ಪ್ರಕಾರ, ಬಂದ ಸಾಮಾನು ನನಗೆ ಬೇಡ ಅಂತ ಬಿಟ್ಟುಕೊಡಬಹುದು. ಬಿಡುಗಡೆಯ ಆದೇಶ ಆಗುವ ಮೊದಲು ಹೇಳಿದರೆ ಸುಂಕವನ್ನೂ ಕಟ್ಟಬೇಕಿಲ್ಲ. ನಮ್ಮ ಕಾರ್ಗೋದಲ್ಲಿ ಆಗಾಗ ಆಗುತ್ತದೆ. ಸುಂಕ ಸಾಮಾನಿಗಿಂತ ಜಾಸ್ತಿ ಅನ್ನಿಸಿದರೆ ಬೇಡ ಅಂತ ಬರೆದು ಕೊಟ್ಟು ಹೋಗುತ್ತಾರೆ. ಯಾವ ಅಧಿಕಾರಿಯೂ ಕೂಗಾಡಲ್ಲ.

ಹಾಗಾಗಿ ಚಿಕ್ಕಮ್ಮನಿಂದ ಆ ಹೆಂಗಸಿಗೆ ಎರಡೇ ಮಾತು ಹೇಳಿಸಿ. "ನನಗೆ ಪಾರ್ಸೆಲ್ ಬೇಡ, ಬಿಟ್ಟುಕೊಡುತ್ತೇನೆ. ನೋಟಿಸ್ ಇದ್ದರೆ ಡಿಐಎನ್ ಹಾಕಿ ಕಳಿಸಿ." 2019ರ ನವೆಂಬರ್‌ನಿಂದ ಇಲಾಖೆಯ ಪತ್ರಗಳ ಮೇಲೆ ಆ ನಂಬರ್ ಇರುತ್ತದೆ. ಕಸ್ಟಮ್ಸ್ ನೋಡಿಕೊಳ್ಳುವ ಕೇಂದ್ರ ಮಂಡಳಿ ಸಿಬಿಐಸಿಯ ವೆಬ್‌ಸೈಟ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಡಾಕ್ಟರ್‌ಗೆ ಮಾತ್ರ ಏನೂ ಹೇಳಬೇಡಿ. ಇದು ಮುಖ್ಯ.

ಹನುಮಂತನಗರ ಹುಡುಗ (11:30)

ಅಪರಾಧ ಆಗಿದ್ದರೆ ಬಿಟ್ಟುಕೊಡೋಕೆ ಆಗಲ್ಲ ಅಂತಲೂ ಅದೇ ಸೆಕ್ಷನ್‌ನಲ್ಲಿದೆ ಅಲ್ವಾ? ಅವಳು ಪೌಂಡ್ ಇದೆ, ಅಪರಾಧ ಅನ್ನುತ್ತಾಳೆ.

ಕಾರ್ಗೋ ಗೌಡ (11:33)

ಓದಿದ್ದೀಯ, ಭೇಷ್. ಹೌದು, ಇದೆ. ಆಗ ಬರಬೇಕಾದದ್ದು ನೋಟಿಸು, ಯುಪಿಐ ನಂಬರ್ ಅಲ್ಲ.

ಸುಮ್ನೆ ಓದೋಳು (11:36)

ನೀವು ಚಿಕ್ಕಮ್ಮನ ಮನೆಗೇ ಹೋಗಿ. ಫೋನಿನಲ್ಲಿ ಆಗುವ ಕೆಲಸ ಅಲ್ಲ. ರಾತ್ರಿ ಅಲ್ಲೇ ಮಲಗಿ.

ವಿಜಯನಗರದ ಸೊಸೆ (11:38)

ಹೊರಟೆ. ಮಳೆ ಬೇರೆ.

ಮೆಜೆಸ್ಟಿಕ್ ಮಂಜ (11:40)

ಮಾಗಡಿ ರೋಡ್ ಟೋಲ್‌ಗೇಟ್ ಹತ್ತಿರ ನೀರು ನಿಂತಿದೆ, ಒಳಗಿನಿಂದ ಹೋಗಿ.

ವಿಜಯನಗರದ ಸೊಸೆ (ಗುರುವಾರ, ಮಧ್ಯಾಹ್ನ 1:20)

ರಾತ್ರಿ ಏನೂ ವಾದ ಮಾಡಲಿಲ್ಲ. ಅವರು ಮಾಡಿದ ಅನ್ನ ಸಾರು ಉಂಡು ಅಲ್ಲೇ ಮಲಗಿದೆ. ಬೆಳಿಗ್ಗೆ 9ಕ್ಕೆ ಆ ಹೆಂಗಸಿನ ಫೋನ್ ಬಂತು. "ಭಯ ಆಗುತ್ತೆ ಅಂದರೆ ಪಾರ್ಸೆಲ್ಲೇ ಬೇಡ ಅಂದುಬಿಡಿ ಚಿಕ್ಕಮ್ಮಾ, ಆಗ ದುಡ್ಡೂ ಉಳಿಯುತ್ತೆ, ಪೊಲೀಸರೂ ಬರಲ್ಲ" ಅಂದಿದ್ದೆ. ಅದು ಅವರಿಗೂ ಸರಿ ಅನ್ನಿಸಿತ್ತು. ಹಾಗೇ ಹೇಳಿದರು. ಡಿಐಎನ್ ಅಂದ ತಕ್ಷಣ ಆ ಕಡೆ ಒಂದು ನಿಮಿಷ ಮಾತಿಲ್ಲ. ಆಮೇಲೆ ಕಿರುಚಾಟ. ವಾರಂಟ್ ಅಂತೆ, ಸಂಜೆಯೊಳಗೆ ಅರೆಸ್ಟ್ ಅಂತೆ. ಫೋನ್ ಇಟ್ಟಳು.

ಹತ್ತು ನಿಮಿಷ ಆಗಿಲ್ಲ, ಡಾಕ್ಟರ್ ಮೆಸೇಜ್. "ನನ್ನ ಉಡುಗೊರೆ ಬೇಡ ಅಂದೆಯಾ? ನನ್ನ ಪ್ರೀತಿಗೆ ಇಷ್ಟೇ ಬೆಲೆಯಾ?" ಚಿಕ್ಕಮ್ಮ ಫೋನ್ ಹಿಡಿದುಕೊಂಡು ನನ್ನ ಮುಖ ನೋಡಿದರು. "ನಾನು ಇವನಿಗೆ ಹೇಳೇ ಇಲ್ವಲ್ಲೇ" ಅಂದರು. ಲಂಡನ್‌ನಲ್ಲಿ ಆಗ ಬೆಳಗಿನ ಜಾವ ನಾಲ್ಕೂವರೆಯೋ ಏನೋ.

ಎಫ್‌ಡಿ ಮುರಿಸಿಲ್ಲ. 1930ಕ್ಕೆ ಫೋನ್ ಹಚ್ಚಿಕೊಟ್ಟೆ, ಅವರೇ ಮಾತಾಡಿದರು. ಆಮೇಲೆ ಸೈಬರ್ ಅಪರಾಧ ನೋಡುವ ನಮ್ಮ ಭಾಗದ ಸೆನ್ ಠಾಣೆಗೆ ಹೋಗಿ ಚಾಟ್, ರಸೀದಿ, ಸ್ಟೇಟ್‌ಮೆಂಟ್ ಎಲ್ಲದರ ಪ್ರಿಂಟ್ ಕೊಟ್ಟು ಬಂದೆವು.

ಕಾರ್ಗೋ ಗೌಡ (1:31)

ಸದ್ಯ! ಇಬ್ಬರೂ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ, ಎಷ್ಟೋ ಸಲ ಒಬ್ಬನೇ ಎರಡೂ ಆಗಿರುತ್ತಾನೆ. ಚಾಟ್ ಅಳಿಸಬೇಡಿ, ನಂಬರ್ ಬ್ಲಾಕ್ ಮಾಡಿ ಸಾಕು.

ಪಾಸ್‌ಬುಕ್ ಪದ್ಮಾ (1:44)

ಒಳ್ಳೆಯದಾಯಿತು. ಇನ್ನು ಹತ್ತು ಹದಿನೈದು ದಿನದಲ್ಲಿ ಇನ್ನೊಂದು ಫೋನ್ ಬರಬಹುದು. ಸೈಬರ್ ಪೊಲೀಸ್ ಅಂತಲೋ, ವಕೀಲ ಅಂತಲೋ. "ನಿಮ್ಮ 1,83,500 ಸಿಕ್ಕಿದೆ, ಬಿಡಿಸಲು 9,000 ಕಟ್ಟಿ." ಮೊತ್ತ ಸರಿಯಾಗಿ ಹೇಳುತ್ತಾರೆ, ಯಾಕಂದರೆ ಕದ್ದವರು ಅವರೇ. ನಿಜವಾಗಿ ಹಿಡಿದಿಟ್ಟ ದುಡ್ಡು ಠಾಣೆ, ಕೋರ್ಟ್ ಮೂಲಕ ವಾಪಸ್ ಬರುತ್ತದೆ. ಠಾಣೆಯಲ್ಲಿ ಕೊಟ್ಟ ದೂರಿನ ನಂಬರ್ ಇಟ್ಟುಕೊಂಡು ಅಲ್ಲೇ ಕೇಳಿ.

ರಾಜಾಜಿನಗರದ ರೆಬೆಲ್ (2:02)

ನಿನ್ನೆ ಹೇಳಿದ್ದು ಜಾಸ್ತಿ ಆಯಿತು. ಆದರೂ ಎರಡು ತಿಂಗಳಲ್ಲಿ ಒಂದು ವಿಡಿಯೋ ಕಾಲ್ ಮಾಡು ಅಂತ ಯಾಕೆ ಕೇಳಲಿಲ್ಲ?

ವಿಜಯನಗರದ ಸೊಸೆ (2:10)

ಕೇಳಿದ್ದಾರೆ. ಒಂದು ಸಲ ಮಾಡಿದ್ದನಂತೆ. ಇಪ್ಪತ್ತು ಸೆಕೆಂಡು, ಹಸಿರು ಗೌನ್, ಮಾಸ್ಕ್, ಆಪರೇಷನ್ ಇದೆ ಅಂತ ಇಟ್ಟ. ಮಾಸ್ಕ್ ಹಾಕಿದರೆ ನೀವೂ ಡಾಕ್ಟರೇ.

ಫಿಲ್ಟರ್ ಕಾಫಿ (2:12)

ರೆಬೆಲ್‌ಗೆ ಮಾಸ್ಕ್ ಹಾಕಿದರೆ ಒಳ್ಳೆಯದೇ, ಬಾಯಿ ಮುಚ್ಚುತ್ತೆ.

ವಿಜಯನಗರದ ಸೊಸೆ (ಮುಂದಿನ ಮಂಗಳವಾರ, ರಾತ್ರಿ 8:40)

ಕೇಳಿದವರಿಗೆ ಸುದ್ದಿ. 1,45,000ದಲ್ಲಿ 31,200 ಒಂದು ಖಾತೆಯಲ್ಲಿ ಹಿಡಿದಿಟ್ಟಿದ್ದಾರೆ. ಉಳಿದದ್ದು ದೂರು ಕೊಡುವ ಮೊದಲೇ ಎಟಿಎಂನಿಂದ ತೆಗೆದಾಗಿತ್ತಂತೆ. 38,500ರ ಸುಳಿವಿಲ್ಲ. ಆ ಆಸ್ಪತ್ರೆಯಿಂದ ಇಮೇಲ್‌ಗೆ ಉತ್ತರ ಬಂದಿಲ್ಲ.

ಪುಣೆಯ ತಮ್ಮ ಬಂದಿದ್ದಾನೆ. ಅಮ್ಮನ ಫೋನ್ ಕಿತ್ತುಕೊಳ್ಳುತ್ತೇನೆ ಅಂದ. ನಾನು ಬೇಡ ಅಂದೆ. ಇಬ್ಬರಿಗೂ ಅದೇ ಜಗಳ ನಡೆಯುತ್ತಿದೆ.

ನಿನ್ನೆ ಸಂಜೆ ಹುರಳೀಕಾಯಿ ಬಿಡಿಸುತ್ತಾ ಚಿಕ್ಕಮ್ಮ ಕೇಳಿದರು. "ಆ ಕಸ್ಟಮ್ಸ್‌ನವಳು ಕಳ್ಳಿ ಸರಿ. ಆದರೆ ಅವಳು ಅವನ ಫೋನನ್ನೂ ಹ್ಯಾಕ್ ಮಾಡಿರಬಹುದಲ್ವೇನೇ? ಪಾಪ, ಅವನಿಗೆ ಒಂದು ಮಾತು ಹೇಳಬೇಕಿತ್ತು."

ನಾನು ಏನೂ ಹೇಳಲಿಲ್ಲ. ನೀವಾದರೆ ಏನು ಹೇಳುತ್ತಿದ್ದಿರಿ?

ಸುಮ್ನೆ ಓದೋಳು (8:52)

ಏನೂ ಹೇಳುತ್ತಿರಲಿಲ್ಲ. ಇನ್ನೊಂದು ಹಿಡಿ ಕಾಯಿ ತಗೊಂಡು ಬಿಡಿಸುತ್ತಿದ್ದೆ.